ಭೇದಿಯ ದಿನ ಬೆಳಗಿನ ಬಿಪಿ ಮಾತ್ರೆ: ನುಂಗುವ ಮೊದಲು ಒಂದು ಫೋನ್

(ಉಡುಪಿಯಲ್ಲಿ ಹಿರಿಯ ನಾಗರಿಕರಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಯಾರಿಗಾದರೂ ಹೊಟ್ಟೆ ಹೋಗಲು ಶುರುವಾದರೆ ನಮ್ಮ ಊರಲ್ಲಿ ಮಾತು ನೇರವಾಗಿ ಬಾವಿ ನೀರಿನ ಕಡೆಗೆ, ಇಲ್ಲವೇ ಹಿಂದಿನ ದಿನ ಉಂಡ ಮದುವೆ ಊಟದ ಕಡೆಗೆ ಹೋಗುತ್ತದೆ. ಇವತ್ತು ನಾವು ಆ ಕಡೆ ಹೋಗುವುದಿಲ್ಲ. ಎಪ್ಪತ್ತು ದಾಟಿದವರಿಗೆ ಭೇದಿ ಹಿಡಿದ ದಿನ ಬೆಳಿಗ್ಗೆ ಕಾಫಿಯ ಜೊತೆ ಅಭ್ಯಾಸಬಲದಿಂದ ನುಂಗುವ ಬಿಪಿ ಮಾತ್ರೆ ಏನು ಮಾಡುತ್ತದೆ ಎಂಬುದಷ್ಟೇ ನಮ್ಮ ವಿಷಯ.

ಮೊದಲು ಒಂದು ಉದಾಹರಣೆ. ಇದು ಒಬ್ಬರದೇ ಕಥೆಯಲ್ಲ. ವಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಟ್ಟು ಸೇರಿಸಿ ವಿವರಣೆಗಾಗಿ ಮಾಡಿಕೊಂಡದ್ದು.

ಕಾಪು ಕಡೆಯ ಒಬ್ಬ ಅಮ್ಮ. ವಯಸ್ಸು 74, ತೂಕ 52 ಕಿಲೋ. ಬಿಪಿ ಸಾಮಾನ್ಯವಾಗಿ 136/80ರ ಆಸುಪಾಸು. ಬೆಳಿಗ್ಗೆ ಒಂದು ಮಾತ್ರೆ, ಅದರಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಮತ್ತು ಹೈಡ್ರೋಕ್ಲೋರೋಥಯಜೈಡ್ 12.5 ಮಿಲಿಗ್ರಾಂ ಒಟ್ಟಿಗೆ ಇವೆ. ರಾತ್ರಿ ಮೆಟೊಪ್ರೊಲಾಲ್ 25. ಮೊಣಕಾಲು ನೋವು ಜಾಸ್ತಿಯಾದ ದಿನ ಮೆಡಿಕಲ್‌ನಿಂದ ತಂದಿಟ್ಟ ಡೈಕ್ಲೋಫೆನಾಕ್. ಭಾನುವಾರ ರಾತ್ರಿ ಭೇದಿ ಶುರುವಾಯಿತು. ಸೋಮವಾರ ಏಳೆಂಟು ಸಲ ಹೋಯಿತು. ಬಿಪಿ ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟ್ರು ಹೇಳಿದ್ದಾರಲ್ಲ, ಹಾಗಾಗಿ ಅದನ್ನು ನುಂಗಿದರು. ಬಿಪಿ ಇರುವವರಿಗೆ ಉಪ್ಪು ಆಗದು ಎಂದು ಓಆರ್‌ಎಸ್ ಬೇಡವೆಂದರು. ಬರೀ ಜೀರಿಗೆ ನೀರು ಕುಡಿದರು, ಗಂಜಿ ಎರಡೇ ತುತ್ತು. ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಮಾತ್ರೆ. ಮೈಕೈ ನೋವಿಗೆಂದು ಜೊತೆಗೆ ಒಂದು ಡೈಕ್ಲೋಫೆನಾಕ್. ಮಧ್ಯಾಹ್ನ ಪಾಯಿಖಾನೆಗೆ ಹೋಗಲು ಎದ್ದವರು ಬಾಗಿಲ ಬಳಿ ಕುಸಿದು ಕೂತರು.

ಮಗ ಮನೆಯ ಯಂತ್ರದಲ್ಲಿ ಬಿಪಿ ನೋಡಿದರೆ ಮಲಗಿದ್ದಾಗ 112/66, ನಾಡಿ 72. "ಬಿಪಿ ಸರಿ ಉಂಟು, ಸುಸ್ತು ಅಷ್ಟೇ" ಎಂದುಕೊಂಡರು. ಎಡವಿದ್ದು ಇಲ್ಲೇ. ದಿನಾ 136 ಇರುವವರಿಗೆ 112 ಸರಿಯಾದ ಬಿಪಿ ಅಲ್ಲ, ಇಳಿದ ಬಿಪಿ. ಆಸ್ಪತ್ರೆಯಲ್ಲಿ ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷದ ನಂತರ ನೋಡಿದಾಗ 84/50. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸುವುದು ಕಡಿಮೆಯಾದರೆ ಏರುವ ಕ್ರಿಯಾಟಿನಿನ್ 2.1, ಮೂರು ತಿಂಗಳ ಹಿಂದಿನ ವರದಿಯಲ್ಲಿ ಅದು 0.9 ಇತ್ತು. ಸೋಡಿಯಂ 126, ಅದು 135ಕ್ಕಿಂತ ಕೆಳಗೆ ಇರಬಾರದು. ತೂಕ 49.8 ಕಿಲೋ. ಎರಡು ದಿನದಲ್ಲಿ ಇಳಿದ ಈ 2.2 ಕಿಲೋ ಕೊಬ್ಬಲ್ಲ. ಎರಡು ಲೀಟರಿಗೂ ಮಿಕ್ಕಿದ ನೀರು.

ಭೇದಿ ಎಷ್ಟೋ ಜನರಿಗೆ ಆಗುತ್ತದೆ, ಎಲ್ಲರ ಕಿಡ್ನಿಯೂ ಹೀಗಾಗುವುದಿಲ್ಲ. ಈ ಅಮ್ಮನಿಗೆ ಯಾಕೆ ಆಯಿತು?

ಕಿಡ್ನಿಯಲ್ಲಿ ಲಕ್ಷಗಟ್ಟಲೆ ಸಣ್ಣ ಸೋಸುಗಂಟುಗಳಿವೆ. ಪ್ರತಿಯೊಂದಕ್ಕೂ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಒಂದು. ರಕ್ತ ಸೋಸಬೇಕಾದರೆ ನಡುವೆ ಒತ್ತಡ ಇರಬೇಕು. ಮೈಯಲ್ಲಿ ನೀರು ಕಡಿಮೆಯಾಗಿ ಒತ್ತಡ ಇಳಿದಾಗ ಕಿಡ್ನಿ ಎರಡು ಕೆಲಸ ಮಾಡಿ ತನ್ನನ್ನು ತಾನು ಉಳಿಸಿಕೊಳ್ಳುತ್ತದೆ: ತರುವ ನಾಳವನ್ನು ಹಿಗ್ಗಿಸುತ್ತದೆ, ಒಯ್ಯುವ ನಾಳವನ್ನು ಬಿಗಿ ಮಾಡುತ್ತದೆ. ತೋಟಕ್ಕೆ ನೀರು ಬಿಡುವಾಗ ಪಂಪಿನ ಜೋರು ಕಡಿಮೆಯಾದರೆ ಪೈಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತೇವಲ್ಲ, ಅದೇ ಲೆಕ್ಕ.

ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್‌ನಂಥ ‘ಸಾರ್ಟನ್’ ಮಾತ್ರೆಗಳು, ಎನಲಾಪ್ರಿಲ್, ರಾಮಿಪ್ರಿಲ್‌ನಂಥ ‘ಪ್ರಿಲ್’ ಮಾತ್ರೆಗಳು ಆ ಹೆಬ್ಬೆರಳನ್ನು ತೆಗೆಸುತ್ತವೆ. ಅಂದರೆ ಒಯ್ಯುವ ನಾಳ ಬಿಗಿಯಾಗದಂತೆ ತಡೆಯುತ್ತವೆ. ಆರೋಗ್ಯವಾಗಿರುವ ದಿನಗಳಲ್ಲಿ ಇದರಿಂದಲೇ ಕಿಡ್ನಿಗೆ ಲಾಭ, ಸಕ್ಕರೆ ಕಾಯಿಲೆಯವರಿಗೆ ಈ ಮಾತ್ರೆ ಬರೆಯುವುದೂ ಅದಕ್ಕೇ. ಭೇದಿಯ ದಿನ ಮಾತ್ರ ಅದೇ ಗುಣ ತಿರುಗಿ ಹೊಡೆಯುತ್ತದೆ. ಇನ್ನು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ತರುವ ನಾಳ ಹಿಗ್ಗದಂತೆ ಮಾಡುತ್ತವೆ. ಹೈಡ್ರೋಕ್ಲೋರೋಥಯಜೈಡ್ ನೀರಿನ ಮಾತ್ರೆ. ಕೆಲವರು ಇದನ್ನು ಮೂತ್ರ ಹೋಗುವ ಮಾತ್ರೆ ಎನ್ನುತ್ತಾರೆ. ಭೇದಿಯಲ್ಲಿ ನೀರೂ ಉಪ್ಪೂ ಹೋಗುತ್ತಿರುವಾಗ ಅದು ಮೂತ್ರದಲ್ಲೂ ಅವನ್ನೇ ಹೊರಹಾಕುತ್ತದೆ. ಕಾಪುವಿನ ಅಮ್ಮನ ಹೊಟ್ಟೆಯಲ್ಲಿ ಮಂಗಳವಾರ ಬೆಳಿಗ್ಗೆ ಈ ಮೂರೂ ಇದ್ದವು. ಒಂದೊಂದೇ ಇದ್ದಿದ್ದರೆ ಕಿಡ್ನಿ ಹೇಗೋ ತಾಳುತ್ತಿತ್ತು.

ಸೋಡಿಯಂ ಇಳಿದದ್ದು ಬೇರೆ ದಾರಿಯಲ್ಲಿ. ಥಯಜೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ಮೂತ್ರದಲ್ಲಿ ಉಪ್ಪು ಹೋಗುತ್ತದೆ, ಆದರೆ ಹೆಚ್ಚಾದ ನೀರನ್ನು ಹೊರಹಾಕುವ ಶಕ್ತಿ ಕುಗ್ಗಿರುತ್ತದೆ. ಭೇದಿಯಲ್ಲೂ ಉಪ್ಪು ಹೋಯಿತು. ಅದರ ಮೇಲೆ ಬರೀ ಜೀರಿಗೆ ನೀರು ಕುಡಿದರೆ ಇರುವ ಉಪ್ಪು ಇನ್ನಷ್ಟು ತೆಳುವಾಗುತ್ತದೆ. ಅಮ್ಮ ಆ ದಿನ ಸಂಜೆ ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಅದಕ್ಕೆ ವಯಸ್ಸಿನ ಮರೆವು ಕಾರಣವಲ್ಲ, ಸೋಡಿಯಂ 126 ಕಾರಣ.

ಇನ್ನು, ಮನೆಯವರಿಗೆ ಇದು ಮೊದಲೇ ಗೊತ್ತಾಗಲಿಲ್ಲವೇ ಎಂಬ ಪ್ರಶ್ನೆ. ನಾವು ನೀರು ಕಡಿಮೆಯಾಗಿದೆಯೇ ಎಂದು ನೋಡುವ ನಾಲ್ಕು ಗುರುತುಗಳೂ ಇವರಲ್ಲಿ ಕೈಕೊಡುತ್ತವೆ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ‘ಬೇಕೆನಿಸಿದರೆ ಕುಡಿಯುತ್ತೇನೆ’ ಎನ್ನುವವರಿಗೆ ಬೇಕೆನಿಸುವುದೇ ಇಲ್ಲ. ಚರ್ಮ ಚಿವುಟಿ ನೋಡುವ ಪರೀಕ್ಷೆ ಮಕ್ಕಳಿಗೆ ಸರಿ; ಹಿರಿಯರ ಕೈಯ ಚರ್ಮ ಆರೋಗ್ಯದಲ್ಲೂ ಸಡಿಲವೇ. ಮೂತ್ರ ಹೋಗುತ್ತಾ ಇದೆ, ಹಾಗಾಗಿ ಚಿಂತೆ ಇಲ್ಲ ಎನ್ನುತ್ತಾರೆ. ನೀರಿನ ಮಾತ್ರೆ ನುಂಗಿದವರಿಗೆ ಮೈಯಲ್ಲಿ ನೀರಿಲ್ಲದಿದ್ದರೂ ಒಂದಷ್ಟು ಹೊತ್ತು ಮೂತ್ರ ಹೋಗುತ್ತದೆ, ಅದೂ ತಿಳಿ ಬಣ್ಣದ್ದು. ನಾಡಿ ಜೋರಾಗಬೇಕಿತ್ತಲ್ಲ ಎಂದರೆ, ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರ ನಾಡಿಯನ್ನು ಆ ಮಾತ್ರೆಯೇ ಏರಲು ಬಿಡುವುದಿಲ್ಲ. ಅಮ್ಮನ ನಾಡಿ ಕುಸಿದು ಕೂತಾಗಲೂ 72ರಲ್ಲೇ ಇತ್ತು.

ಹಾಗಾದರೆ ನಂಬಬಹುದಾದದ್ದು ಯಾವುದು? ಎರಡು. ಒಂದು ತೂಕ. ಒಂದೇ ತೂಕದ ಯಂತ್ರ, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ತೆಳು ಬಟ್ಟೆಯಲ್ಲಿ. ಆರೋಗ್ಯವಾಗಿದ್ದಾಗಿನ ತೂಕ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿದ್ದರೆ ಮಾತ್ರ ಇದು ಉಪಯೋಗ. ಇನ್ನೊಂದು, ಎದ್ದು ನಿಂತಾಗಿನ ಬಿಪಿ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎಬ್ಬಿಸಿ ನಿಲ್ಲಿಸಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡು, ಒಂದನೆಯ ನಿಮಿಷಕ್ಕೂ ಮೂರನೆಯ ನಿಮಿಷಕ್ಕೂ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ನೀರು ಕಡಿಮೆಯಾಗಿರುವ ಶಂಕೆ ಬಲವಾಗುತ್ತದೆ. ತಲೆ ತಿರುಗಿದರೆ ಅಷ್ಟಕ್ಕೇ ನಿಲ್ಲಿಸಿ ಮಲಗಿಸಿ, ಮೂರು ನಿಮಿಷ ಪೂರೈಸಲೇಬೇಕೆಂದಿಲ್ಲ.

ಈಗ ಮುಖ್ಯ ಮಾತು. ದಿನಕ್ಕೆ ಒಂದೆರಡು ಸಲ ತೆಳುವಾಗಿ ಹೋಗಿ, ಊಟ, ನೀರು ಎಂದಿನಂತೆ ಸೇರುತ್ತಿದ್ದರೆ ಮಾತ್ರೆಗೆ ಕೈ ಹಾಕಬೇಕಿಲ್ಲ. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ, ಅದರ ಜೊತೆ ವಾಂತಿ ಅಥವಾ ಜ್ವರ ಇದ್ದರೆ, ಊಟ ಸೇರದಿದ್ದರೆ, ಮರುದಿನದ ಬೆಳಗಿನ ಮಾತ್ರೆಗೆ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಕೇಳಬೇಕಾದದ್ದು ಇಷ್ಟೇ: "ಡಾಕ್ಟ್ರೇ, ಅಮ್ಮನಿಗೆ ಭೇದಿ, ನಿನ್ನೆಯಿಂದ ಇಷ್ಟು ಸಲ ಹೋಗಿದೆ. ಮಲಗಿದಾಗ ಬಿಪಿ ಇಷ್ಟು, ನಿಂತಾಗ ಇಷ್ಟು. ತೂಕ ಇಷ್ಟು ಇಳಿದಿದೆ. ತೆಗೆದುಕೊಳ್ಳುವ ಮಾತ್ರೆಗಳು ಇವು. ಯಾವುದನ್ನು ನಿಲ್ಲಿಸಲಿ, ಯಾವುದನ್ನು ಕೊಡಲಿ, ಮತ್ತೆ ಯಾವತ್ತು ಶುರು ಮಾಡಲಿ?" ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ಅದಕ್ಕೆ ಮುಂದೆ ಬರುತ್ತೇವೆ.

ಡಾಕ್ಟರು ಸಾಮಾನ್ಯವಾಗಿ ಕೆಲವು ದಿನಕ್ಕೆ ತಡೆಹಿಡಿಯುವುದು ನೀರಿನ ಮಾತ್ರೆಯನ್ನು (ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್, ಸ್ಪೈರೊನೊಲ್ಯಾಕ್ಟೋನ್) ಮತ್ತು ಸಾರ್ಟನ್, ಪ್ರಿಲ್ ಮಾತ್ರೆಗಳನ್ನು. ನೋವಿನ ಮಾತ್ರೆಯನ್ನಂತೂ ಡಾಕ್ಟರನ್ನು ಕೇಳಲು ಕಾಯದೆ ಬಿಡಿ, ಜ್ವರ ನೋವಿಗೆ ಪ್ಯಾರಸಿಟಮಾಲ್ ಸಾಕು. ಅಮ್ಲೋಡಿಪಿನ್ ಕಿಡ್ನಿಗೆ ಹಾಗೆ ತೊಂದರೆ ಕೊಡುವುದಿಲ್ಲ. ಆದರೆ ಅದೂ ಬಿಪಿ ಇಳಿಸುತ್ತದೆ, ಹಾಗಾಗಿ ನಿಂತಾಗಿನ ಬಿಪಿ ನೋಡಿ ಡಾಕ್ಟರು ನಿರ್ಧರಿಸುತ್ತಾರೆ.

ತಾವಾಗಿ ಒಮ್ಮೆಲೇ ನಿಲ್ಲಿಸಬಾರದವೂ ಇವೆ. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್ ನಿಂತರೆ ಹೃದಯದ ಕಾಯಿಲೆ ಇರುವವರಿಗೆ ಎದೆನೋವು, ನಾಡಿಯ ಓಟ ಮರುಕಳಿಸಬಹುದು. ಕ್ಲೋನಿಡಿನ್ ಥಟ್ಟನೆ ನಿಂತರೆ ಬಿಪಿ ಮೊದಲಿಗಿಂತಲೂ ಮೇಲೆ ಜಿಗಿಯುತ್ತದೆ. ಇವುಗಳ ಡೋಸ್ ಕಡಿಮೆ ಮಾಡಬೇಕಾದೀತು, ಅದು ಡಾಕ್ಟರ ಬಾಯಿಂದಲೇ ಬರಬೇಕು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹುಷಾರಿಲ್ಲದ ದಿನ ಈ ಮಾತ್ರೆಗಳನ್ನು ತಡೆಹಿಡಿಯುವ ಸಲಹೆ ಹಲವು ದೇಶಗಳ ವೈದ್ಯಕೀಯ ಮಾರ್ಗಸೂಚಿಗಳಲ್ಲಿದೆ. ಆದರೆ ಅದು ನಿಂತಿರುವುದು ದೊಡ್ಡ ಪ್ರಯೋಗಗಳ ಮೇಲಲ್ಲ, ಕಿಡ್ನಿ ಕೆಲಸ ಮಾಡುವ ಬಗೆಯ ತಿಳಿವಳಿಕೆ ಮತ್ತು ತಜ್ಞರ ಅನುಭವದ ಮೇಲೆ. ಅದಕ್ಕಾಗಿಯೇ ಪಟ್ಟಿಯನ್ನು ಗೋಡೆಗೆ ಅಂಟಿಸಿ ನೀವೇ ನಿಲ್ಲಿಸಿಕೊಳ್ಳಿ ಎನ್ನುತ್ತಿಲ್ಲ.

ಹೃದಯದ ಪಂಪಿಂಗ್ ಕಡಿಮೆ ಇದ್ದು ಕಾಲು ಊದಿಕೊಳ್ಳುವವರಿಗಂತೂ ಈ ಎಚ್ಚರ ಇನ್ನೂ ಬೇಕು. ಅವರ ಫ್ಯೂರೊಸೆಮೈಡ್ ಅಥವಾ ಟಾರ್ಸೆಮೈಡ್ ಅವರಿಗೆ ಉಸಿರು ಕೊಡುವ ಮಾತ್ರೆ. ಭೇದಿ ಜೋರಿದ್ದು ತೂಕ ಇಳಿಯುತ್ತಿದ್ದರೆ ಡಾಕ್ಟರು ಒಂದೆರಡು ದಿನ ಅರ್ಧಕ್ಕೆ ಇಳಿಸಬಹುದು, ಇಲ್ಲವೇ ಬಿಡಿಸಬಹುದು. ಆ ದಿನಗಳಲ್ಲಿ ಪ್ರತಿ ಬೆಳಿಗ್ಗೆ ತೂಕ ನೋಡಲೇಬೇಕು. ಮೂರು ದಿನದೊಳಗೆ ಎರಡು ಕಿಲೋ ಏರಿದರೆ, ಮಲಗಿದರೆ ದಮ್ಮು ಕಟ್ಟಿದರೆ, ನೀರು ಮತ್ತೆ ತುಂಬುತ್ತಿದೆ ಎಂದರ್ಥ. ಇವರಿಗೆ ಓಆರ್‌ಎಸ್ ಎಷ್ಟು ಎಂಬುದನ್ನೂ ಡಾಕ್ಟರೇ ಹೇಳಬೇಕು.

ಸಕ್ಕರೆ ಕಾಯಿಲೆಯೂ ಇರುವವರು ಅದೇ ಫೋನಿನಲ್ಲಿ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಗ್ಲಿಮೆಪಿರೈಡ್ ಬಗ್ಗೆಯೂ ಕೇಳಿ. ಇನ್ಸುಲಿನ್ ಮಾತ್ರ ಕೇಳದೆ ನಿಲ್ಲಿಸಬೇಡಿ.

ನೀರು ಮರಳಿ ತುಂಬುವುದು ಹೇಗೆ? ಓಆರ್‌ಎಸ್ ದೊಡ್ಡ ಪೊಟ್ಟಣ 20.5 ಗ್ರಾಂ, ಅದು ಪೂರ್ತಿ ಒಂದು ಲೀಟರಿಗೆ. ಅರ್ಧ ಪೊಟ್ಟಣವನ್ನು ಲೋಟಕ್ಕೆ ಸುರಿದು ಕಲಸಿದರೆ ಉಪ್ಪು, ಸಕ್ಕರೆ ದಪ್ಪವಾಗಿ ಭೇದಿ ಇನ್ನೂ ಹೆಚ್ಚುತ್ತದೆ. ಲೋಟಕ್ಕೆಂದೇ 200 ಮಿಲಿಯ ಸಣ್ಣ ಪೊಟ್ಟಣ ಸಿಗುತ್ತದೆ, ಒಂಟಿಯಾಗಿರುವ ಹಿರಿಯರಿಗೆ ಅದೇ ಅನುಕೂಲ. ಪ್ರತಿ ಸಲ ಹೋದ ಮೇಲೆ 200ರಿಂದ 250 ಮಿಲಿ, ಗುಟುಕು ಗುಟುಕಾಗಿ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿಬಿಡಿ. ಅಂಗಡಿಯ ರಟ್ಟಿನ ಡಬ್ಬಿಯ ಹಣ್ಣಿನ ರುಚಿಯ ಪಾನೀಯ ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಪಾಲಿಸದ ಪಾನೀಯಗಳ ಹೆಸರಿನಲ್ಲಿ ಆ ಪದ ಇರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಪೊಟ್ಟಣ ಇಲ್ಲದ ರಾತ್ರಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇಲ್ಲವೇ ಕುಚ್ಚಲಕ್ಕಿ ಗಂಜಿಯ ತೆಳಿ, ಲೀಟರಿಗೆ ಅದೇ ಅರ್ಧ ಚಮಚ ಉಪ್ಪು. ಬಿಪಿ ಇರುವವರಿಗೆ ಉಪ್ಪು ಬೇಡ ಎಂಬ ನಿಯಮ ಆರೋಗ್ಯದ ದಿನಗಳದ್ದು; ಭೇದಿಯಲ್ಲಿ ಹೋದ ಉಪ್ಪನ್ನಷ್ಟೇ ಇಲ್ಲಿ ಹಿಂತಿರುಗಿಸುತ್ತಿದ್ದೇವೆ.

ನಿಂತರೆ ಮೇಲಿನ ಬಿಪಿ 100ರ ಕೆಳಗೆ ಇಳಿದು ಕಣ್ಣು ಕತ್ತಲಾದರೆ, ಎಂಟು ಗಂಟೆ ಮೂತ್ರವೇ ಹೋಗದಿದ್ದರೆ, ಮಾತು ತಡವರಿಸಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಸಾಕು ಮಾಡಿ, 108ಕ್ಕೆ ಕರೆ ಮಾಡಿ.

ಕಾಪುವಿನ ಅಮ್ಮನಿಗೆ ಮುಂದೇನಾಯಿತು? ನರಕ್ಕೆ ಸಲೈನ್ ಕೊಟ್ಟರು. ಸೋಡಿಯಂ ಅನ್ನು ಬೇಕೆಂದೇ ನಿಧಾನವಾಗಿ, 24 ಗಂಟೆಗೆ 8ಕ್ಕಿಂತ ಹೆಚ್ಚು ಏರದಂತೆ ನೋಡಿಕೊಂಡರು, ಯಾಕೆಂದರೆ ಬೇಗ ಏರಿದರೆ ಮಿದುಳಿಗೆ ಅಪಾಯ. ಬೆಳಗಿನ ಮಾತ್ರೆ ನಿಂತಿತು, ಡೈಕ್ಲೋಫೆನಾಕ್ ಮನೆಯಿಂದಲೇ ಹೊರಗೆ ಹೋಯಿತು. ಬಿಪಿ ಮೇಲೆ ಬಂದ ಮೇಲೆ ಮೆಟೊಪ್ರೊಲಾಲ್ ಮುಂದುವರಿಯಿತು. ಐದನೆಯ ದಿನ ಕ್ರಿಯಾಟಿನಿನ್ 1.2, ಸೋಡಿಯಂ 135.

ಮತ್ತೆ ಶುರು ಮಾಡುವುದು ನಿಲ್ಲಿಸಿದಷ್ಟೇ ಮುಖ್ಯ. ನಾವು ಕಾಣುವ ಇನ್ನೊಂದು ತೊಂದರೆ ಎಂದರೆ ಭೇದಿಗೆಂದು ನಿಲ್ಲಿಸಿದ ಮಾತ್ರೆ ಮೂರು ತಿಂಗಳಾದರೂ ನಿಂತೇ ಇರುವುದು. ಸಾಮಾನ್ಯ ರೂಢಿ ಹೀಗೆ: ಭೇದಿ ನಿಂತು, ಎಂದಿನಂತೆ ಉಂಡು ಕುಡಿದು 24ರಿಂದ 48 ಗಂಟೆ ಕಳೆದ ಮೇಲೆ ಮತ್ತೆ ಶುರು. ತಪ್ಪಿದ ಮಾತ್ರೆಗಳನ್ನು ಸೇರಿಸಿ ಎರಡೆರಡು ನುಂಗುವ ಹಾಗಿಲ್ಲ. ಎರಡು ದಿನವಾದರೂ ಭೇದಿ ನಿಲ್ಲದಿದ್ದರೆ ಸುಮ್ಮನೆ ಕಾಯದೆ ಡಾಕ್ಟರನ್ನು ನೋಡಿ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕಾದೀತು. ಈ ಅಮ್ಮನಿಗೆ ಡಾಕ್ಟರು ಹಳೆಯ ಜೋಡಿ ಮಾತ್ರೆಯನ್ನು ಮತ್ತೆ ಬರೆಯಲಿಲ್ಲ. ಟೆಲ್ಮಿಸಾರ್ಟನ್ ಒಂದನ್ನೇ ಕೊಟ್ಟು, ಹತ್ತು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರು. ಥಯಜೈಡ್‌ನಿಂದ ಒಮ್ಮೆ ಸೋಡಿಯಂ ಇಷ್ಟು ಇಳಿದವರಿಗೆ ಅದನ್ನು ಮತ್ತೆ ಕೊಡದಿರುವುದೇ ಜಾಣತನ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇವೆ.

ಮಾತ್ರೆ ಬಿಟ್ಟರೆ ಬಿಪಿ ಏರಿ ಪಾರ್ಶ್ವವಾಯು ಬಡಿದರೆ ಏನು ಗತಿ?

ಈ ಭಯ ಸಹಜ. ಆದರೆ ಟೆಲ್ಮಿಸಾರ್ಟನ್ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು 24 ಗಂಟೆ ಬೇಕು, ಕ್ಲೋರ್ಥಾಲಿಡೋನ್‌ಗೆ ಎರಡು ದಿನದ ಹತ್ತಿರ. ಒಂದು ಬೆಳಗಿನ ಮಾತ್ರೆ ಬಿಟ್ಟ ಕೂಡಲೇ ಅವುಗಳ ಕೆಲಸ ನಿಲ್ಲುವುದಿಲ್ಲ. ನೀರು ಕಳೆದುಕೊಂಡ ಮೈಯಲ್ಲಿ ಬಿಪಿ ಹೇಗೂ ಇಳಿದೇ ಇರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಇವತ್ತು ನುಂಗಿದ್ದು ನಾಳೆಯೂ ಮೈಯಲ್ಲಿರುತ್ತದೆ. ಅದಕ್ಕೇ ಕುಸಿದು ಬಿದ್ದ ಮೇಲಲ್ಲ, ಮೊದಲ ದಿನವೇ ಫೋನ್ ಮಾಡಿ ಎನ್ನುವುದು. ಮನೆಯಲ್ಲಿ ದಿನಕ್ಕೆರಡು ಸಲ ಬಿಪಿ ನೋಡಿ ಬರೆದಿಡಿ. ಮೇಲಿನದು 160 ದಾಟಿ ಅಲ್ಲೇ ನಿಂತರೆ ಡಾಕ್ಟರಿಗೆ ತಿಳಿಸಿ.

ನನ್ನ ಮಾತ್ರೆಯಲ್ಲಿ ನೀರಿನ ಮಾತ್ರೆ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ನನಗೆ ಒಂದೇ ಮಾತ್ರೆ ಇರುವುದು.

ಒಂದೇ ಮಾತ್ರೆ ಎಂದರೆ ಒಂದೇ ಔಷಧಿ ಎಂದಲ್ಲ. ಹೆಸರಿನ ಬಾಲದಲ್ಲಿ ಎಚ್ ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಜೈಡ್, ಎಎಂ ಇದ್ದರೆ ಅಮ್ಲೋಡಿಪಿನ್. ಆದರೆ ಕಂಪನಿಯಿಂದ ಕಂಪನಿಗೆ ಬಾಲ ಬದಲಾಗುತ್ತದೆ, ಹಾಗಾಗಿ ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧಿಯ ಹೆಸರುಗಳನ್ನೇ ಓದಿಸಿ. ಮೂರು ಔಷಧಿ ಸೇರಿದ ಮಾತ್ರೆಯೂ ಉಂಟು. ಅದರಲ್ಲಿ ಒಂದನ್ನು ಮಾತ್ರ ನಿಲ್ಲಿಸಲು ಬರುವುದಿಲ್ಲ. ಮುರಿದು ನುಂಗಿದರೆ ಮೂರೂ ಅರ್ಧವಾಗುತ್ತವೆ ಅಷ್ಟೇ. ಅಂಥವರಿಗೆ ಡಾಕ್ಟರು ಆ ಕೆಲವು ದಿನಕ್ಕೆ ಬರೀ ಅಮ್ಲೋಡಿಪಿನ್ ಬೇರೆಯಾಗಿ ಬರೆದುಕೊಡುವುದುಂಟು. ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ತುಂಡನ್ನು ಕೊನೆಗೆ ಉಳಿಸಿಕೊಳ್ಳಿ.

ಭೇದಿಗೆ ಬೊಂಡ, ಅಂದರೆ ಎಳನೀರು, ಒಳ್ಳೆಯದಲ್ಲವೇ?

ಬಹಳ ಮಂದಿಗೆ ಒಳ್ಳೆಯದೇ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ನಮಗೆ ಬೇಕಾದ ಸೋಡಿಯಂ ಕಡಿಮೆ. ಸಾರ್ಟನ್ ಅಥವಾ ಪ್ರಿಲ್ ಮಾತ್ರೆಯ ಜೊತೆ ಸ್ಪೈರೊನೊಲ್ಯಾಕ್ಟೋನ್ ಇರುವವರಿಗೆ, ಮೊದಲೇ ಕ್ರಿಯಾಟಿನಿನ್ ಹೆಚ್ಚಿರುವವರಿಗೆ ಮೂತ್ರ ಕಡಿಮೆಯಾದ ದಿನ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಹುದು. ಅವರಿಗೆ ದಿನಕ್ಕೆ ಮೂರು ನಾಲ್ಕು ಬೊಂಡ ಕುಡಿಸಬೇಡಿ. ಓಆರ್‌ಎಸ್‌ನಲ್ಲೂ ಪೊಟ್ಯಾಸಿಯಂ ಇರುವುದರಿಂದ ಇವರು ಎಷ್ಟು ಕುಡಿಯಬಹುದೆಂದು ಆ ಮೊದಲ ಫೋನಿನಲ್ಲೇ ಕೇಳಿಕೊಳ್ಳಿ.